ಸ್ನಿಗ್ಧತೆಯ ಮಾನಗಳು: ಕಡಲೆಕಾಯಿ ಎಣ್ಣೆ ಮತ್ತು ಹುಣಸೆಬೀಜದ ಗಂಜಿ

ಒಂದೇ ಕಡಲೆಕಾಯಿ ಎಣ್ಣೆಯನ್ನು ಮೂವರು ಪರೀಕ್ಷಿಸಿ ಮೂರು ಸಂಖ್ಯೆಗಳನ್ನು ಬರೆದಿಟ್ಟರೆಂದು ಭಾವಿಸೋಣ. ಒಬ್ಬರ ಪುಸ್ತಕದಲ್ಲಿ 35, ಇನ್ನೊಬ್ಬರದರಲ್ಲಿ 39, ಮತ್ತೊಬ್ಬರದರಲ್ಲಿ 160. ಮೂರರ ತಲೆಯ ಮೇಲೂ ‘ಸ್ನಿಗ್ಧತೆ’ ಎಂಬ ಒಂದೇ ಶಿರೋನಾಮೆ ಇದೆ. ಇವರಲ್ಲಿ ಯಾರು ಸರಿ? ಮೂವರೂ ಸರಿಯಾಗಿರಬಹುದು ಎಂಬುದೇ ಉತ್ತರ. ಆದರೆ ಆ ಮೂರು ಸಂಖ್ಯೆಗಳು ಒಂದೇ ಎಣ್ಣೆಯವು ಎಂಬುದನ್ನು ತೋರಿಸಿಕೊಡಲು ಬಾರದಿದ್ದರೆ ಮೂವರ ಶ್ರಮವೂ ವ್ಯರ್ಥ. ಅದನ್ನು ತೋರಿಸುವ ಬಗೆಯನ್ನೂ, ಹಾಗೆ ತೋರಿಸಲು ಬಾರದ ದ್ರವಗಳು ಯಾವುವೆಂಬುದನ್ನು ಕಂಡುಹಿಡಿಯುವ ಬಗೆಯನ್ನೂ ವಿವರಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. ಕಲ್ಯಾಣದುರ್ಗದ ಸುತ್ತಣ ಕೆಂಪು ಹೊಲಗಳ ಬೆಳೆ ಕಡಲೆಕಾಯಿ. ಹಿಂದೂಪುರದ ಮಾರುಕಟ್ಟೆಗೆ ಹೆಸರು ತಂದ ಸರಕುಗಳಲ್ಲಿ ಹುಣಸೆ ಒಂದು. ಮೊದಲನೆಯದರ ಎಣ್ಣೆ, ಎರಡನೆಯದರ ಬೀಜದ ಗಂಜಿ, ಈ ಎರಡೇ ನಮಗೆ ಸಾಕು.

ಮೊದಲು ಹೆಸರಿನ ವಿಚಾರ. ‘ಸ್ನಿಗ್ಧತೆ’ ಎಂಬ ಪದ ನಮ್ಮ ಗಡಿಯ ಉಪಾಧ್ಯಾಯರಿಗೆ ಒಂದು ಅನುಕೂಲವನ್ನು ಮಾಡಿಕೊಟ್ಟಿದೆ. ಕನ್ನಡ ಪಠ್ಯದಲ್ಲಿಯೂ ತೆಲುಗು ಪಠ್ಯದಲ್ಲಿಯೂ ಅದೇ ಪದ ಬಳಕೆಯಲ್ಲಿದೆ. ಆದರೆ ಸಂಸ್ಕೃತದಲ್ಲಿ ಸ್ನಿಗ್ಧವೆಂದರೆ ಎಣ್ಣೆಯ ಪಸೆಯುಳ್ಳದ್ದು. ‘ಸ್ನೇಹ’ ಎಂಬ ಮಾತಿಗೆ ಎಣ್ಣೆ, ಒಲವು ಎಂಬ ಎರಡರ್ಥಗಳೂ ಅಲ್ಲಿಂದಲೇ ಬಂದುವು. ಆದುದರಿಂದ ಜಿಡ್ಡಿರುವುದೇ ಸ್ನಿಗ್ಧತೆಯೆಂದು ವಿದ್ಯಾರ್ಥಿ ತಿಳಿಯುವ ಸಂಭವವಿದೆ. ಜೇನುತುಪ್ಪದಲ್ಲಿ ಜಿಡ್ಡಿಲ್ಲ, ಆದರೂ ಅದರ ಸ್ನಿಗ್ಧತೆ ಎಣ್ಣೆಯದಕ್ಕಿಂತ ಬಹಳ ಹೆಚ್ಚು. ವಿಜ್ಞಾನದಲ್ಲಿ ಈ ಪದಕ್ಕಿರುವ ಅರ್ಥ ಒಂದೇ: ದ್ರವದ ಒಂದು ಪದರ ಪಕ್ಕದ ಪದರದ ಮೇಲೆ ಜಾರುವಾಗ ಉಂಟಾಗುವ ಒಳತಡೆ.

ಎರಡು ಸಮತಟ್ಟಾದ ಹಲಗೆಗಳ ನಡುವೆ ತೆಳುವಾಗಿ ಎಣ್ಣೆಯನ್ನು ತುಂಬಿ, ಕೆಳಗಿನದನ್ನು ನಿಲ್ಲಿಸಿ, ಮೇಲಿನದನ್ನು ಒಂದೇ ವೇಗದಲ್ಲಿ ಎಳೆಯುತ್ತಿದ್ದೇವೆಂದು ಊಹಿಸಿರಿ. ಎಳೆಯುವ ಬಲವನ್ನು ಹಲಗೆಯ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದನ್ನು ಇಲ್ಲಿ ‘ಜಾರುಬಲ’ವೆಂದು ಕರೆಯೋಣ, ಇಂಗ್ಲಿಷಿನಲ್ಲಿ ಷಿಯರ್ ಸ್ಟ್ರೆಸ್ ಎನ್ನುವುದು ಇದನ್ನೇ. ಇದರ ಮಾನ ಪಾಸ್ಕಲ್. ಮೇಲಿನ ಹಲಗೆಯ ವೇಗವನ್ನು ಎರಡು ಹಲಗೆಗಳ ಅಂತರದಿಂದ ಭಾಗಿಸಿದರೆ ಬರುವುದು ‘ಜಾರುದರ’, ಅಂದರೆ ಷಿಯರ್ ರೇಟ್. ವೇಗದಲ್ಲಿಯೂ ಅಂತರದಲ್ಲಿಯೂ ಇರುವ ಮೀಟರು ಒಂದನ್ನೊಂದು ಹೊಡೆದುಹಾಕುವುದರಿಂದ ಇದರ ಮಾನ ‘ಸೆಕೆಂಡಿಗೆ ಇಷ್ಟು’ ಎಂದು ಮಾತ್ರ ಉಳಿಯುತ್ತದೆ. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯ’ದಲ್ಲಿ ನ್ಯೂಟನ್ ಇಟ್ಟ ಊಹೆ ಸರಳವಾದದ್ದು: ಜಾರುದರ ಎರಡರಷ್ಟಾದರೆ ಜಾರುಬಲವೂ ಎರಡರಷ್ಟಾಗುತ್ತದೆ. ಇದನ್ನು ಪಾಲಿಸುವ ದ್ರವ ನ್ಯೂಟನೀಯ ದ್ರವ. ಜಾರುಬಲವನ್ನು ಜಾರುದರದಿಂದ ಭಾಗಿಸಿದಾಗ ಬರುವ ಸ್ಥಿರಸಂಖ್ಯೆಯೇ ಡೈನಮಿಕ್ ಸ್ನಿಗ್ಧತೆ.

ಇದರ ಮಾನ ಪಾಸ್ಕಲ್-ಸೆಕೆಂಡ್. ಹಳೆಯ ಸೆಂಟಿಮೀಟರ್-ಗ್ರಾಂ ಪದ್ಧತಿಯಲ್ಲಿ ಇದನ್ನು ಪಾಯ್ಸ್ ಎಂಬ ಮಾನದಲ್ಲಿ ಹೇಳುತ್ತಿದ್ದರು. ಸಣ್ಣ ನಳಿಕೆಗಳಲ್ಲಿ ನೀರಿನ ಹರಿವನ್ನು ಅಳೆದ ಫ್ರೆಂಚ್ ವೈದ್ಯ ಪ್ವಾಸೇಯ ಹೆಸರಿನಿಂದ ಬಂದ ಮಾನವಿದು. ಹತ್ತು ಪಾಯ್ಸ್ ಸೇರಿ ಒಂದು ಪಾಸ್ಕಲ್-ಸೆಕೆಂಡ್. ಪಾಯ್ಸಿನ ನೂರನೆಯ ಒಂದು ಪಾಲು ಸೆಂಟಿಪಾಯ್ಸ್. ಒಂದು ಸೆಂಟಿಪಾಯ್ಸ್ ಒಂದು ಮಿಲಿಪಾಸ್ಕಲ್-ಸೆಕೆಂಡಿಗೆ ಸರಿಯಾಗಿ ಸಮವಾಗಿರುವುದರಿಂದ ಹಳೆಯ ಪಟ್ಟಿಯ ಸಂಖ್ಯೆಯನ್ನು ಹಾಗೆಯೇ ಹೊಸ ಪಟ್ಟಿಗೆ ಇಳಿಸಬಹುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನದು ಹೆಚ್ಚುಕಡಮೆ 1. ಈ ಒಂದು ಅಳತೆ ಮನಸ್ಸಿನಲ್ಲಿದ್ದರೆ ಉಳಿದುವನ್ನು ಅದಕ್ಕೆ ಹೋಲಿಸಿ ನೋಡಬಹುದು.

ಹಾಗಾದರೆ ಎರಡನೆಯ ಮಾನವೇಕೆ? ದ್ರವವನ್ನು ನಾವು ಹಲಗೆಯಿಂದ ಎಳೆಯದೆ, ಅದು ತನ್ನ ಭಾರದಿಂದಲೇ ನಳಿಕೆಯಲ್ಲಿ ಇಳಿಯುವಂತೆ ಬಿಟ್ಟಾಗ ಸನ್ನಿವೇಶ ಬದಲಾಗುತ್ತದೆ. ಆಗ ತಡೆಯುವುದು ಸ್ನಿಗ್ಧತೆ, ತಳ್ಳುವುದು ಸಾಂದ್ರತೆ. ಎರಡು ದ್ರವಗಳ ಸ್ನಿಗ್ಧತೆ ಒಂದೇ ಆಗಿದ್ದು ಒಂದರ ಸಾಂದ್ರತೆ ಇಮ್ಮಡಿಯಾಗಿದ್ದರೆ ಅದು ಅರ್ಧ ಹೊತ್ತಿನಲ್ಲಿ ಇಳಿದುಹೋಗುತ್ತದೆ. ಗಡಿಯಾರ ಹಿಡಿದು ನಳಿಕೆಯ ಮುಂದೆ ಕುಳಿತವನಿಗೆ ಕಾಣುವುದು ಸ್ನಿಗ್ಧತೆಯೊಂದೇ ಅಲ್ಲ, ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ ಫಲ. ಈ ಭಾಗಲಬ್ಧವೇ ಕೈನಮ್ಯಾಟಿಕ್ ಸ್ನಿಗ್ಧತೆ. ಹಳೆಯ ಮಾನ ಸ್ಟೋಕ್ಸ್, ಅದರ ನೂರನೆಯ ಪಾಲು ಸೆಂಟಿಸ್ಟೋಕ್ಸ್; ಹೊಸ ಪದ್ಧತಿಯಲ್ಲಿ ಒಂದು ಸೆಂಟಿಸ್ಟೋಕ್ಸ್ ಎಂದರೆ ಸೆಕೆಂಡಿಗೆ ಒಂದು ಚದರ ಮಿಲಿಮೀಟರ್.

ಎರಡು ಮಾನಗಳೂ ಬೇರೆ ಬೇರೆ ಗುಣಗಳನ್ನು ಹೇಳುತ್ತವೆಂಬುದಕ್ಕೆ ಗಾಳಿಯಷ್ಟು ಒಳ್ಳೆಯ ಸಾಕ್ಷಿ ಇನ್ನಿಲ್ಲ. 20 ಡಿಗ್ರಿಯಲ್ಲಿ ಗಾಳಿಯ ಡೈನಮಿಕ್ ಸ್ನಿಗ್ಧತೆ ಸುಮಾರು 0.018 ಮಿಲಿಪಾಸ್ಕಲ್-ಸೆಕೆಂಡ್, ನೀರಿನದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು ಕಡಮೆ. ಆದರೆ ಗಾಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 0.0012 ಗ್ರಾಂ ಮಾತ್ರ. ಭಾಗಿಸಿದರೆ 15 ಸೆಂಟಿಸ್ಟೋಕ್ಸ್ ಬರುತ್ತದೆ; ನೀರಿನದು ಅದೇ 1. ಒಂದು ಮಾನದಲ್ಲಿ ನೀರು ಮೇಲು, ಇನ್ನೊಂದರಲ್ಲಿ ಗಾಳಿ ಮೇಲು. ಎರಡು ಮಾನಗಳನ್ನು ಬೆರೆಸಿದರೆ ಆಗುವ ತಪ್ಪು ನೂರಕ್ಕೆ ಒಂದೆರಡರಷ್ಟಿನದಲ್ಲ, ಹೋಲಿಕೆಯೇ ತಲೆಕೆಳಗಾಗಬಹುದು.

ನೀರಿನ ಸಾಂದ್ರತೆ 1 ಆಗಿರುವುದರಿಂದ ಅದರ ಎರಡು ಸಂಖ್ಯೆಗಳೂ ಒಂದೇ. ಅಪಾಯವಿರುವುದು ಇಲ್ಲಿಯೇ. ನೀರಿನಿಂದ ಪಾಠವನ್ನು ಆರಂಭಿಸಿದ ವಿದ್ಯಾರ್ಥಿಗೆ ಸೆಂಟಿಪಾಯ್ಸೂ ಸೆಂಟಿಸ್ಟೋಕ್ಸೂ ಒಂದೇ ಎಂಬ ಭಾವನೆ ಬೇರೂರುತ್ತದೆ. ಎಣ್ಣೆಯಿಂದ ಆರಂಭಿಸಿದರೆ ಹಾಗಾಗದು. ಎಣ್ಣೆಯ ಸಾಂದ್ರತೆಯನ್ನು ಅಂಗಡಿಯ ಪೊಟ್ಟಣವೇ ಹೇಳುತ್ತದೆ. ಒಂದು ಲೀಟರಿನ ಪೊಟ್ಟಣದ ಮೇಲೆ 910 ಗ್ರಾಂ ಎಂದು ಅಚ್ಚಾಗಿರುವುದನ್ನು ಎಷ್ಟೋ ಮಂದಿ ನೋಡಿರಬಹುದು. ಸೇರು ಎಂಬ ಮಾತು ತೂಕಕ್ಕೂ ಅಳತೆಗೂ ಎರಡಕ್ಕೂ ನಡೆಯುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಈ ತೊಡಕು ಹೊಸದಲ್ಲ. ಅಳತೆಯ ಸೇರೋ ತೂಕದ ಸೇರೋ ಎಂದು ಕೇಳದೆ ಎಣ್ಣೆ ಕೊಂಡವನು ಮೋಸಹೋಗುತ್ತಿದ್ದ. ಸ್ನಿಗ್ಧತೆಯಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ.

ಇನ್ನು ನಮ್ಮ ಮೂರು ಸಂಖ್ಯೆಗಳಿಗೆ ಬರೋಣ. ಮೂರನ್ನೂ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆಗೆದವೆಂದು ಇಟ್ಟುಕೊಳ್ಳೋಣ. ಆ ಶಾಖದಲ್ಲಿ ಎಣ್ಣೆಯ ಸಾಂದ್ರತೆ ಸುಮಾರು 0.90. ಮೊದಲನೆಯವರು ತಿರುಗುವ ಉರುಳೆಯ ಮಾಪಕದಿಂದ 35.2 ಮಿಲಿಪಾಸ್ಕಲ್-ಸೆಕೆಂಡ್ ಪಡೆದರು. ಪರಿವರ್ತನೆಯ ಸೂತ್ರ ಹೀಗಿದೆ:

ಸೆಂಟಿಸ್ಟೋಕ್ಸ್ = ಸೆಂಟಿಪಾಯ್ಸ್ ÷ ಸಾಂದ್ರತೆ (ಘನ ಸೆಂಟಿಮೀಟರಿಗೆ ಗ್ರಾಂ)

35.2 ÷ 0.90 = 39.1

ಎರಡನೆಯವರು ಗಾಜಿನ ನಳಿಕೆಯಿಂದ ಪಡೆದ 39 ಇದೇ. ಹೊಸ ಪದ್ಧತಿಯ ಮೂಲಮಾನಗಳಲ್ಲಿ ಲೆಕ್ಕ ಹಾಕುವವರು ಸಾಂದ್ರತೆಯನ್ನು ಘನ ಮೀಟರಿಗೆ 900 ಕಿಲೋಗ್ರಾಂ ಎಂದೂ, ಸ್ನಿಗ್ಧತೆಯನ್ನು 0.0352 ಪಾಸ್ಕಲ್-ಸೆಕೆಂಡ್ ಎಂದೂ ತೆಗೆದುಕೊಳ್ಳಬೇಕು. ಆಗ ಸೆಕೆಂಡಿಗೆ 0.0000391 ಚದರ ಮೀಟರ್ ಬರುತ್ತದೆ; ಚದರ ಮೀಟರಿನಲ್ಲಿ ಹತ್ತು ಲಕ್ಷ ಚದರ ಮಿಲಿಮೀಟರುಗಳಿರುವುದರಿಂದ ಅದು ಮತ್ತೆ 39.1 ಆಗುತ್ತದೆ. 35.2ನ್ನು 900ರಿಂದ ಭಾಗಿಸಿ 0.039 ಎಂದು ಬರೆಯುವುದು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಕಡಲೆಕಾಯಿ ಎಣ್ಣೆ ನೀರಿಗಿಂತ ನೀರಾಗಿರಲಾರದೆಂಬ ಸಾಮಾನ್ಯ ಜ್ಞಾನವೇ ಆ ಉತ್ತರವನ್ನು ತಡೆಯಬೇಕು.

ಮೂರನೆಯವರ 160 ಎಂಬುದು ಸ್ನಿಗ್ಧತೆಯೇ ಅಲ್ಲ, ಹೊತ್ತು. ಬೋವರ್ಟನ್ ರೆಡ್‌ವುಡ್ ಎಂಬ ಆಂಗ್ಲ ರಸಾಯನಜ್ಞನ ಹೆಸರಿನ ಪಾತ್ರೆಯ ತಳದ ಸಣ್ಣ ರಂಧ್ರದಿಂದ 50 ಮಿಲಿಲೀಟರ್ ಎಣ್ಣೆ ಸುರಿಯಲು ಹಿಡಿದ ಸೆಕೆಂಡುಗಳು ಅವು. ಒಂದನೆಯ ನಂಬರಿನ ರೆಡ್‌ವುಡ್ ಪಾತ್ರೆಯಲ್ಲಿ ಹೊತ್ತು 100 ಸೆಕೆಂಡಿಗಿಂತ ಹೆಚ್ಚಾಗಿದ್ದರೆ ರೂಢಿಯಲ್ಲಿರುವ ಸೂತ್ರವಿದು. t ಎಂದರೆ ಸೆಕೆಂಡುಗಳು:

ಸೆಂಟಿಸ್ಟೋಕ್ಸ್ = 0.247 t − 50/t

160ನ್ನು ಹಾಕಿದರೆ 39.52ರಿಂದ 0.31ನ್ನು ಕಳೆಯಬೇಕು, ಉಳಿಯುವುದು 39.2. ಇದನ್ನು 0.90ರಿಂದ ಗುಣಿಸಿದರೆ 35.3. ಮೂರು ಪರೀಕ್ಷೆಗಳೂ ಒಂದೇ ಎಣ್ಣೆಯನ್ನು ಕುರಿತು ಒಂದೇ ಮಾತನ್ನು ಹೇಳಿದುವು. ಸೂತ್ರದ ಎರಡನೆಯ ಪದವನ್ನು ಗಮನಿಸಬೇಕು. ರಂಧ್ರದಿಂದ ಹೊರಡುವ ದ್ರವ ವೇಗವನ್ನು ಪಡೆಯಲು ಖರ್ಚಾಗುವ ಶಕ್ತಿಗೆ ಮಾಡಿದ ಕಡಿತ ಅದು. ನಿಧಾನವಾಗಿ ಸುರಿಯುವ ಎಣ್ಣೆಗೆ ಅದು ಅತ್ಯಲ್ಪ. ಬೇಗ ಸುರಿಯುವ ತೆಳು ದ್ರವಕ್ಕೆ ಹೆಚ್ಚು. 100 ಸೆಕೆಂಡಿಗಿಂತ ಕಡಮೆಯಾದಾಗ ಬೇರೆ ಗುಣಕಗಳ ಸೂತ್ರ ಬೇಕಾಗುವುದು ಈ ಕಾರಣದಿಂದಲೇ.

ಈ ಪರಿವರ್ತನೆಯಲ್ಲಿ ಶಾಖದ ಪಾತ್ರ ಎರಡು ಬಗೆಯದು. ಎರಡರ ತೂಕವೂ ಒಂದೇ ಅಲ್ಲ. ಸಾಂದ್ರತೆ ಶಾಖದೊಡನೆ ನಿಧಾನವಾಗಿ ಇಳಿಯುತ್ತದೆ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಎಣ್ಣೆ ಪೊಟ್ಟಣಗಳ ಮೇಲೆ ಶಾಖವನ್ನು ಹೇಳಿ ಅಳತೆ ಬರೆಯುವ ಪದ್ಧತಿಯನ್ನು ಬಿಡಬೇಕೆಂದು ತಯಾರಕರಿಗೆ ತಿಳಿಸಿದಾಗ ಉದಾಹರಿಸಿದ್ದು ಸೋಯಾ ಎಣ್ಣೆಯನ್ನು: 21 ಡಿಗ್ರಿಯಲ್ಲಿ ಒಂದು ಲೀಟರಿನ ತೂಕ 919 ಗ್ರಾಂ, 60 ಡಿಗ್ರಿಯಲ್ಲಿ 892 ಗ್ರಾಂ ಚಿಲ್ಲರೆ. ಕೊಳ್ಳುವವನಿಗೆ ಅದು ಇಪ್ಪತ್ತಾರು ಗ್ರಾಂ ನಷ್ಟ. ನಮ್ಮ ಲೆಕ್ಕಕ್ಕೆ ಮೂವತ್ತೊಂಬತ್ತು ಡಿಗ್ರಿಗೆ ನೂರಕ್ಕೆ ಮೂರರಷ್ಟು ವ್ಯತ್ಯಾಸ. ಆದರೆ ಸ್ನಿಗ್ಧತೆ ಹಾಗಲ್ಲ. ಕಡಲೆಕಾಯಿ ಎಣ್ಣೆಯ ಸ್ನಿಗ್ಧತೆ 20 ಡಿಗ್ರಿಯಿಂದ 40 ಡಿಗ್ರಿಗೆ ಬರುವಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಎಂದರೆ ಒಂದೊಂದು ಡಿಗ್ರಿಗೂ ನೂರಕ್ಕೆ ಮೂರು ನಾಲ್ಕು. ಪೊಟ್ಟಣದ 0.91ನ್ನೇ ಬಳಸಿ ಭಾಗಿಸಿದರೆ ಆಗುವ ತಪ್ಪು ನೂರಕ್ಕೆ ಒಂದು. ಉಷ್ಣತಾಮಾಪಕವನ್ನು ಒಂದು ಡಿಗ್ರಿ ತಪ್ಪಾಗಿ ಓದಿದರೆ ಆಗುವ ತಪ್ಪು ಅದರ ಮೂರು ನಾಲ್ಕರಷ್ಟು. ಮೊದಲ ಗಮನ ಯಾವುದಕ್ಕೆ ಸಲ್ಲಬೇಕೆಂಬುದು ಇದರಿಂದ ತಿಳಿಯುತ್ತದೆ.

ಈ ಸಂಖ್ಯೆ ಎಲ್ಲಿ ಕೆಲಸಕ್ಕೆ ಬರುತ್ತದೆಂದರೆ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನೊಂದನ್ನು ಕಡಲೆಕಾಯಿ ಎಣ್ಣೆಯಿಂದಲೇ ನಡೆಸಿ ತೋರಿಸಿದ್ದರು. ಇಂದಿನ ಪಂಪುಸೆಟ್ಟಿನ ಎಂಜಿನಿಗೆ ಅದನ್ನು ಹಾಗೆಯೇ ಹಾಕಬಹುದೆ? ನಮ್ಮ ದೇಶದ ಡೀಸೆಲ್ಲಿಗೆ 40 ಡಿಗ್ರಿಯಲ್ಲಿ ಗೊತ್ತುಪಡಿಸಿರುವ ಮಿತಿ 2ರಿಂದ 4.5 ಸೆಂಟಿಸ್ಟೋಕ್ಸ್. ಎಣ್ಣೆಯದು 39, ಸುಮಾರು ಹತ್ತು ಪಟ್ಟು. ಅಷ್ಟು ಮಂದವಾದದ್ದು ಚಿಮ್ಮುವ ಸೂಜಿರಂಧ್ರದಲ್ಲಿ ಸಣ್ಣ ಹನಿಗಳಾಗಿ ಒಡೆಯದೆ, ಸರಿಯಾಗಿ ಉರಿಯದೆ, ಮಸಿ ಕಟ್ಟುತ್ತದೆ. ಎಣ್ಣೆಯನ್ನು ಮೀಥೈಲ್ ಎಸ್ಟರ್ ಆಗಿ ಮಾರ್ಪಡಿಸಿ 5ರ ಆಸುಪಾಸಿಗೆ ಇಳಿಸುವುದು ಇದಕ್ಕಾಗಿಯೇ. ಹಳೆಯ ದಾಖಲೆಯೊಂದರಲ್ಲಿ ಮಾನವಿಲ್ಲದೆ ‘39’ ಎಂದಿದ್ದು, ಅದನ್ನು ರೆಡ್‌ವುಡ್ ಸೆಕೆಂಡುಗಳೆಂದು ಓದಿದವನು ಇದೇ ಎಣ್ಣೆಯನ್ನು ಡೀಸೆಲ್ಲಿನಂಥ ತೆಳು ದ್ರವವೆಂದು ಎಣಿಸಿಬಿಡುವನು.

ಇಷ್ಟೆಲ್ಲ ಪರಿವರ್ತನೆಯೂ ಒಂದು ನಂಬಿಕೆಯ ಮೇಲೆ ನಿಂತಿದೆ. ಎಣ್ಣೆ ನ್ಯೂಟನೀಯ ದ್ರವವೆಂಬ ನಂಬಿಕೆ. ಉರುಳೆಯ ಮಾಪಕದಲ್ಲಿ ಒಂದು ಜಾರುದರ, ನಳಿಕೆಯಲ್ಲಿ ಇನ್ನೊಂದು, ರೆಡ್‌ವುಡ್ ಪಾತ್ರೆಯಲ್ಲಿ ಮಟ್ಟ ಇಳಿದಂತೆ ಬದಲಾಗುವ ಮತ್ತೊಂದು. ಸ್ನಿಗ್ಧತೆ ಜಾರುದರವನ್ನು ಅವಲಂಬಿಸದಿದ್ದರೆ ಮಾತ್ರ ಮೂರೂ ಒಂದಾಗುತ್ತವೆ. ಆದುದರಿಂದ ಪರಿವರ್ತನೆಗೆ ಮುಂಚೆಯೇ ಪರೀಕ್ಷೆ ಆಗಬೇಕು. ಲೆಕ್ಕಕ್ಕಾಗಿ ನಾವೇ ಹೊಂದಿಸಿಕೊಂಡ ಅಂಕಿಗಳನ್ನು ಕೆಳಗೆ ಕೊಟ್ಟಿದೆ. ಎಣ್ಣೆಯ ಶಾಖ 40 ಡಿಗ್ರಿ.

ಜಾರುದರ 10: ಜಾರುಬಲ 0.36 ಪಾಸ್ಕಲ್, ಭಾಗಲಬ್ಧ 36.0
ಜಾರುದರ 50: ಜಾರುಬಲ 1.77 ಪಾಸ್ಕಲ್, ಭಾಗಲಬ್ಧ 35.4
ಜಾರುದರ 100: ಜಾರುಬಲ 3.52 ಪಾಸ್ಕಲ್, ಭಾಗಲಬ್ಧ 35.2
ಜಾರುದರ 200: ಜಾರುಬಲ 7.04 ಪಾಸ್ಕಲ್, ಭಾಗಲಬ್ಧ 35.2

ಭಾಗಲಬ್ಧಗಳು ಮಿಲಿಪಾಸ್ಕಲ್-ಸೆಕೆಂಡುಗಳಲ್ಲಿವೆ. ಮೊದಲನೆಯದು ಉಳಿದುವಕ್ಕಿಂತ ಸ್ವಲ್ಪ ಹೆಚ್ಚಾಗಿದೆಯಲ್ಲ, ಎಣ್ಣೆ ನ್ಯೂಟನನ ಮಾತನ್ನು ಮೀರಿತೆ? ತೀರ್ಪು ಕೊಡುವ ಮುನ್ನ ಮಾಪಕದ ಕೊನೆಯ ಅಂಕೆಯನ್ನು ನೋಡಬೇಕು. ಅದು 0.01 ಪಾಸ್ಕಲ್. ಮೊದಲ ಸಾಲಿನಲ್ಲಿ ಆ ಒಂದು ಗೀಟು ನೂರಕ್ಕೆ ಮೂರರಷ್ಟು. ಕೊನೆಯ ಸಾಲಿನಲ್ಲಿ ಸಾವಿರಕ್ಕೆ ಒಂದೂವರೆಯಷ್ಟು ಮಾತ್ರ. 36.0 ಎಂಬುದು ಓದಿನ ಒರಟುತನ, ಎಣ್ಣೆಯ ಗುಣವಲ್ಲ. ಜಾರುದರ ಇಪ್ಪತ್ತು ಪಟ್ಟು ಏರಿದರೂ ಭಾಗಲಬ್ಧ ಮಾಪಕದ ಮಿತಿಯೊಳಗೆ ಒಂದೇ ಆಗಿ ನಿಂತಿದೆ. ಈ ವ್ಯಾಪ್ತಿಯಲ್ಲಿ ಎಣ್ಣೆ ನ್ಯೂಟನೀಯವೆಂದು ಹೇಳಬಹುದು.

ವ್ಯಾಪ್ತಿಯನ್ನು ಇನ್ನೂ ಹೆಚ್ಚಿಸಿ ಜಾರುದರವನ್ನು 800ಕ್ಕೆ ಏರಿಸಿದರೆ ಬೇರೊಂದು ಮೋಸ ಎದುರಾಗುತ್ತದೆ. ಪದರಗಳ ಉಜ್ಜಾಟದಿಂದ ಎಣ್ಣೆ ತಾನೇ ಕಾಯುತ್ತದೆ. ಎಷ್ಟೆಂದು ಲೆಕ್ಕ ಹಾಕಬಹುದು. ಜಾರುಬಲ 28.2 ಪಾಸ್ಕಲನ್ನು ಜಾರುದರ 800ರಿಂದ ಗುಣಿಸಿದರೆ ಒಂದು ಘನ ಮೀಟರಿನಲ್ಲಿ ಸೆಕೆಂಡಿಗೆ ಹುಟ್ಟುವ ಶಾಖ ಬರುತ್ತದೆ. ಅದು ಘನ ಸೆಂಟಿಮೀಟರಿಗೆ ಸುಮಾರು 0.0225 ಜೂಲ್. ಒಂದು ಘನ ಸೆಂಟಿಮೀಟರ್ ಎಣ್ಣೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 1.8 ಜೂಲ್ ಬೇಕು. ಶಾಖ ಹೊರಗೆ ಹೋಗದಿದ್ದರೆ ಒಂದು ನಿಮಿಷದಲ್ಲಿ ಮುಕ್ಕಾಲು ಡಿಗ್ರಿ ಏರುತ್ತದೆ, ಸ್ನಿಗ್ಧತೆ ನೂರಕ್ಕೆ ಮೂರರಷ್ಟು ಇಳಿಯುತ್ತದೆ. ನೋಡುವವನಿಗೆ ಎಣ್ಣೆ ವೇಗದಿಂದ ತೆಳುವಾದಂತೆ ಕಾಣುವುದು. ಇದನ್ನು ಗುರುತಿಸುವ ಉಪಾಯವೆಂದರೆ ವೇಗವನ್ನು ಬದಲಿಸದೆ ಕಾದು ನೋಡುವುದು. ವೇಗವೊಂದೇ ಕಾರಣವಾಗಿದ್ದರೆ ಓದು ನಿಂತಲ್ಲಿ ನಿಲ್ಲುತ್ತದೆ; ಇಳಿಯುತ್ತಲೇ ಹೋದರೆ ಉಷ್ಣತಾಮಾಪಕವನ್ನು ಮೊದಲು ನೋಡಬೇಕು.

ಈಗ ಹುಣಸೆಬೀಜಕ್ಕೆ ಬರೋಣ. ಬೀಜವನ್ನು ಹುರಿದು, ಮೇಲಿನ ಕಂದು ಸಿಪ್ಪೆಯನ್ನು ತೆಗೆದು, ಒಳಗಿನ ಬಿಳಿಯ ಬೇಳೆಯನ್ನು ಹಿಟ್ಟು ಮಾಡಿ ನೀರಿನಲ್ಲಿ ಕುದಿಸಿದರೆ ಅಂಟಾದ ಗಂಜಿ ದೊರೆಯುತ್ತದೆ. 1940ರ ದಶಕದಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ಇದರ ಮೇಲೆ ನಡೆದ ಕೆಲಸದ ಮೇಲೆ, ಹತ್ತಿ ಮತ್ತು ಸೆಣಬಿನ ಹಾಸುನೂಲಿಗೆ ಗಂಜಿ ಕೊಡಲು ಧಾನ್ಯದ ಪಿಷ್ಟಕ್ಕೆ ಬದಲಾಗಿ ಇದು ಬಳಕೆಗೆ ಬಂದಿತು. ಅದರಲ್ಲಿರುವುದು ಬಹಳ ಉದ್ದವಾದ ಸರಪಣಿಗಳಂಥ ಅಣುಗಳು. ನಿಂತ ಗಂಜಿಯಲ್ಲಿ ಅವು ಒಂದಕ್ಕೊಂದು ತೊಡರಿಕೊಂಡಿರುತ್ತವೆ. ಕಲಕಿದಾಗ ಹರಿವಿನ ದಿಕ್ಕಿಗೆ ಹೊರಳಿ ಬಿಡಿಸಿಕೊಳ್ಳುತ್ತವೆ. ತೀರ ನೀರಾದ ಗಂಜಿಯಲ್ಲಿ ಇದು ಕಾಣದು. ನೂಲಿಗೆ ಹಚ್ಚುವಷ್ಟು ಮಂದವಾದಾಗ ಸ್ಪಷ್ಟವಾಗಿ ಕಾಣುತ್ತದೆ. ಅಂಥ ಗಂಜಿಗೆ ಲೆಕ್ಕಕ್ಕಾಗಿ ಈ ಅಂಕಿಗಳನ್ನು ಇಟ್ಟುಕೊಳ್ಳೋಣ.

ಜಾರುದರ 50: ಜಾರುಬಲ 20.9 ಪಾಸ್ಕಲ್, ಭಾಗಲಬ್ಧ 418
ಜಾರುದರ 100: ಜಾರುಬಲ 31.7 ಪಾಸ್ಕಲ್, ಭಾಗಲಬ್ಧ 317
ಜಾರುದರ 150: ಜಾರುಬಲ 40.4 ಪಾಸ್ಕಲ್, ಭಾಗಲಬ್ಧ 269
ಜಾರುದರ 200: ಜಾರುಬಲ 48.0 ಪಾಸ್ಕಲ್, ಭಾಗಲಬ್ಧ 240

ಜಾರುಬಲದ ಸ್ತಂಭವನ್ನು ಮಾತ್ರ ಜಾರುದರಕ್ಕೆ ಎದುರಾಗಿ ಗ್ರಾಫ್ ಕಾಗದದ ಮೇಲೆ ಗುರುತಿಸಿ ನೋಡಿರಿ. ನಾಲ್ಕು ಬಿಂದುಗಳೂ ಬಹುಮಟ್ಟಿಗೆ ಒಂದು ಸರಳರೇಖೆಯ ಮೇಲೆ ಕುಳಿತಂತೆ ತೋರುತ್ತವೆ. ಕನಿಷ್ಠ ವರ್ಗಗಳ ವಿಧಾನದಿಂದ ರೇಖೆಯನ್ನು ಹೊಂದಿಸಿದರೆ ಇಳಿಜಾರು 0.18, ಸಹಸಂಬಂಧದ ಗುಣಾಂಕ 0.997. ಇಷ್ಟು ಒಳ್ಳೆಯ ರೇಖೆ ಬಂದ ಮೇಲೆ ದ್ರವ ನ್ಯೂಟನೀಯ, ಸ್ನಿಗ್ಧತೆ 180 ಎಂದು ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಅದು ಪೂರ್ತಿ ತಪ್ಪು. ಆ ರೇಖೆಯನ್ನು ಎಡಕ್ಕೆ ಎಳೆದರೆ ಅದು ಮೂಲಬಿಂದುವಿಗೆ ಬರದೆ 12.75 ಪಾಸ್ಕಲಿನಲ್ಲಿ ಲಂಬರೇಖೆಯನ್ನು ಕಡಿಯುತ್ತದೆ. ನ್ಯೂಟನನ ನಿಯಮ ಕೇಳುವುದು ರೇಖೆ ಸರಳವಾಗಿರಬೇಕೆಂದಷ್ಟೇ ಅಲ್ಲ, ಮೂಲಬಿಂದುವಿನ ಮೂಲಕವೇ ಹಾಯಬೇಕೆಂದು. ಸಹಸಂಬಂಧದ ಗುಣಾಂಕ ಆ ಎರಡನೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ. 180 ಎಂಬ ಸಂಖ್ಯೆ ನಾಲ್ಕು ಭಾಗಲಬ್ಧಗಳಲ್ಲಿ ಯಾವುದೂ ಅಲ್ಲ, ಎಲ್ಲಕ್ಕಿಂತಲೂ ಕಡಮೆ ಎಂಬುದನ್ನೂ ನೋಡಿರಿ. ಭಾಗಲಬ್ಧದ ಸ್ತಂಭವನ್ನು ಬರೆದವನು ಮಾತ್ರ ಈ ಮೋಸಕ್ಕೆ ಬೀಳುವುದಿಲ್ಲ. 418ರಿಂದ 240ಕ್ಕೆ ಇಳಿದದ್ದು ಕಣ್ಣಿಗೆ ಹೊಡೆಯುತ್ತದೆ.

ಇಳಿತವನ್ನು ಒಂದು ಸಂಖ್ಯೆಯಲ್ಲಿ ಹೇಳಬೇಕೆಂದರೆ ಲಾಗರಿತಮ್ ಸಹಾಯಕ್ಕೆ ಬರುತ್ತದೆ. ಜಾರುದರ ನಾಲ್ಕರಷ್ಟಾದಾಗ ಜಾರುಬಲ 48.0 ÷ 20.9, ಎಂದರೆ 2.30ರಷ್ಟಾಯಿತು. 2.30ರ ಲಾಗರಿತಮ್ಮನ್ನು 4ರ ಲಾಗರಿತಮ್ಮಿನಿಂದ, ಎಂದರೆ 0.361ನ್ನು 0.602ರಿಂದ ಭಾಗಿಸಿದರೆ 0.60. ಇದನ್ನು ಹರಿವಿನ ಘಾತವೆಂದು ಕರೆಯಬಹುದು. ಎಣ್ಣೆಯ 50 ಮತ್ತು 200ರ ಸಾಲುಗಳಿಗೆ ಇದೇ ಲೆಕ್ಕ ಮಾಡಿದರೆ 0.996 ಬರುತ್ತದೆ. ಘಾತ 1 ಆಗಿದ್ದರೆ ನ್ಯೂಟನೀಯ. 1ಕ್ಕಿಂತ ಕಡಮೆಯಾದರೆ ಕಲಕಿದಷ್ಟೂ ತೆಳುವಾಗುವ ದ್ರವ. ನೇಕಾರನಿಗೆ ಈ ಗುಣ ಅನುಕೂಲವೇ. ಉರುಳೆಗಳ ನಡುವೆ ಹಿಂಡಿದಾಗ ಗಂಜಿ ತೆಳುವಾಗಿ ನೂಲಿನೊಳಕ್ಕೆ ಇಳಿಯುತ್ತದೆ. ಹೊರಬಂದ ಮೇಲೆ ಮತ್ತೆ ಮಂದವಾಗಿ, ತೊಟ್ಟಿಕ್ಕದೆ, ನೂಲನ್ನು ಹಿಡಿದುಕೊಳ್ಳುತ್ತದೆ.

ಇಂಥ ಗಂಜಿಯ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ಸಿಗೆ ಬದಲಿಸಬಹುದೆ? ಭಾಗಾಕಾರಕ್ಕೆ ಅಡ್ಡಿಯೇನೂ ಇಲ್ಲ. ಸಾಂದ್ರತೆ ಹೆಚ್ಚುಕಡಮೆ 1 ಆದುದರಿಂದ 317 ಸೆಂಟಿಪಾಯ್ಸ್ 317 ಸೆಂಟಿಸ್ಟೋಕ್ಸ್ ಆಗುತ್ತದೆ. ತಪ್ಪಿರುವುದು ಭಾಜಕದಲ್ಲಲ್ಲ, ಭಾಜ್ಯದಲ್ಲಿ. 317 ಎಂಬುದು ಜಾರುದರ 100ರಲ್ಲಿ ಮಾತ್ರ ನಿಜ. ಇದೇ ಗಂಜಿಯನ್ನು ರೆಡ್‌ವುಡ್ ಪಾತ್ರೆಯಲ್ಲಿ ಸುರಿದರೆ ಪಾತ್ರೆ ಬೇಡವೆನ್ನುವುದಿಲ್ಲ. ಇಷ್ಟು ಸೆಕೆಂಡುಗಳೆಂದು ಹೇಳುತ್ತದೆ, ಸೂತ್ರ ಅದನ್ನು ಸೆಂಟಿಸ್ಟೋಕ್ಸ್ ಮಾಡಿಕೊಡುತ್ತದೆ, ಆ ಸಂಖ್ಯೆ ಯಾವ ನೇಕಾರನ ಉರುಳೆಗೂ ಹೊಂದುವುದಿಲ್ಲ. ಗಂಜಿಯ ದಾಖಲೆಯಲ್ಲಿ ಸಂಖ್ಯೆ, ಮಾನ, ಶಾಖಗಳ ಜೊತೆಗೆ ಜಾರುದರವೂ ಇರಲೇಬೇಕು.

ಉರುಳೆಯ ಮಾಪಕ ಪ್ರೌಢಶಾಲೆಗಳಲ್ಲಿ ಇರುವ ವಸ್ತುವಲ್ಲ. ಅದಿಲ್ಲದೆಯೂ ನ್ಯೂಟನೀಯ ಗುಣವನ್ನು ಪರೀಕ್ಷಿಸುವ ಒಂದು ದಾರಿಯಿದೆ. ಸಾಂದ್ರತೆಯೂ ಬೇಡ, ಮಾನಗಳೂ ಬೇಡ. ಸುಮಾರು ಒಂದು ಸೆಂಟಿಮೀಟರ್ ಒಳವ್ಯಾಸದ, ಅರವತ್ತು ಸೆಂಟಿಮೀಟರ್ ಉದ್ದದ ಗಾಜಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡಕ್ಕೆ ರಬ್ಬರ್ ನಳಿಕೆಯಿಂದ ಎರಡು ಮಿಲಿಮೀಟರ್ ಒಳವ್ಯಾಸದ, ಇಪ್ಪತ್ತು ಸೆಂಟಿಮೀಟರ್ ಉದ್ದದ ಸಣ್ಣ ಗಾಜಿನ ನಳಿಕೆಯನ್ನು ಅಡ್ಡಲಾಗಿ ಜೋಡಿಸಬೇಕು. ಸಣ್ಣ ನಳಿಕೆಯ ತುದಿ ಅಂಚಿನವರೆಗೆ ಅದೇ ದ್ರವ ತುಂಬಿದ ತಟ್ಟೆಯಲ್ಲಿ ಮುಳುಗಿರಲಿ. ಹೊರಬಂದದ್ದು ಅಂಚಿನಿಂದ ಚೆಲ್ಲಿಹೋಗುವುದರಿಂದ ತಟ್ಟೆಯ ಮಟ್ಟ ಬದಲಾಗುವುದಿಲ್ಲ, ತುದಿಯಲ್ಲಿ ಹನಿ ಕಟ್ಟುವ ತೊಂದರೆಯೂ ಇಲ್ಲ. ತಟ್ಟೆಯ ಮಟ್ಟದಿಂದ ಎತ್ತರವನ್ನು ಅಳೆದು 48, 24, 12 ಸೆಂಟಿಮೀಟರುಗಳಲ್ಲಿ ಗುರುತು ಮಾಡಬೇಕು. ಕೊಳವೆಯನ್ನು ತುಂಬಿ ಬಿಟ್ಟು, ಮಟ್ಟ 48ರಿಂದ 24ಕ್ಕೂ, 24ರಿಂದ 12ಕ್ಕೂ ಇಳಿಯುವ ಹೊತ್ತುಗಳನ್ನು ಬೇರೆ ಬೇರೆ ಬರೆದುಕೊಳ್ಳಬೇಕು. ನಮ್ಮ ಕೋಣೆಯ ಶಾಖದಲ್ಲಿ ಕಡಲೆಕಾಯಿ ಎಣ್ಣೆಗೆ ಒಂದೊಂದೂ ಎರಡು ಮೂರು ನಿಮಿಷ ಹಿಡಿಯುತ್ತದೆ. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಇನ್ನೂ ಅಗಲವಾದ ನಳಿಕೆಯನ್ನು ಬಳಸಬೇಕಾಗುತ್ತದೆ.

ನ್ಯೂಟನೀಯ ದ್ರವದಲ್ಲಿ ಹರಿವು ಎತ್ತರಕ್ಕೆ ನೇರ ಅನುಪಾತದಲ್ಲಿರುತ್ತದೆ. ಎತ್ತರ ಅರ್ಧವಾದಾಗ ಹರಿವೂ ಅರ್ಧ, ಇಳಿಯಬೇಕಾದ ದೂರವೂ ಅರ್ಧ. ಆದುದರಿಂದ ಎರಡು ಹೊತ್ತುಗಳೂ ಸಮ. ಮೊದಲರ್ಧಕ್ಕೆ 120 ಸೆಕೆಂಡಾದರೆ ಎರಡನೆಯದಕ್ಕೂ 120. ಘಾತ 0.60 ಇರುವ ಗಂಜಿಯಲ್ಲಿ ಎತ್ತರ ಅರ್ಧವಾದಾಗ ಹರಿವು ಅರ್ಧಕ್ಕಿಂತಲೂ ಕಡಮೆಯಾಗುತ್ತದೆ. ಘಾತವನ್ನು n ಎಂದರೆ, ಎರಡನೆಯ ಹೊತ್ತು ಮೊದಲನೆಯದರ

2^(1/n − 1)

ಪಟ್ಟಾಗುತ್ತದೆ. n ಎಂಬಲ್ಲಿ 0.60 ಹಾಕಿದರೆ 1.59; ಮೊದಲರ್ಧ 120 ಸೆಕೆಂಡಾದರೆ ಎರಡನೆಯದು 190. ಇದು ಯಾವ ಗಡಿಯಾರಕ್ಕೂ ತಪ್ಪಿಹೋಗುವ ವ್ಯತ್ಯಾಸವಲ್ಲ. ನಳಿಕೆ ಗಿಡ್ಡವಾಗಿ ಅಗಲವಾಗಿದ್ದು ದ್ರವ ತೆಳುವಾಗಿದ್ದರೆ ಮಾತ್ರ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಆಗ ತಡೆಯುವುದು ಸ್ನಿಗ್ಧತೆಯಲ್ಲ, ವೇಗವನ್ನು ಪಡೆಯುವ ಖರ್ಚು. ಆ ತಪ್ಪಿನ ಗುರುತೂ ಇದೆ. ಅಲ್ಲಿ ಎರಡನೆಯ ಹೊತ್ತು ಮೊದಲನೆಯದಕ್ಕಿಂತ ಕಡಮೆಯಾಗಿ ಬರುತ್ತದೆ, ಹೆಚ್ಚಾಗಿ ಅಲ್ಲ.

ಮೊದಲು ಎಣ್ಣೆಯನ್ನು ಬಿಟ್ಟು ಎರಡು ಹೊತ್ತುಗಳೂ ಸಮವಾಗಿ ಬಂದುವೆಂದು ಖಚಿತಪಡಿಸಿಕೊಂಡರೆ ಸಲಕರಣೆ ಸರಿಯಾಗಿದೆಯೆಂದು ತಿಳಿಯಬಹುದು. ಆಮೇಲೆ ಅದೇ ಕೊಳವೆಯನ್ನು ಚೆನ್ನಾಗಿ ತೊಳೆದು ಒಣಗಿಸಿ ಗಂಜಿಯನ್ನು ಬಿಡಬೇಕು. ಸಮವಾಗಿ ಬಂದ ದ್ರವದ ಸಂಖ್ಯೆಯನ್ನು ಸೆಂಟಿಪಾಯ್ಸಿನಿಂದ ಸೆಂಟಿಸ್ಟೋಕ್ಸಿಗೂ ಅಲ್ಲಿಂದ ಇಲ್ಲಿಗೂ ಧೈರ್ಯವಾಗಿ ಬದಲಿಸಬಹುದು. ಸಮವಾಗಿ ಬಾರದ ದ್ರವದ ಮುಂದೆ ಒಂದು ಸಂಖ್ಯೆಯನ್ನು ಬರೆದು ನಿಲ್ಲಿಸಬಾರದು. ಎರಡು ಹೊತ್ತುಗಳನ್ನೂ ಹಾಗೆಯೇ ಬರೆದಿಡಬೇಕು.